ಗ್ರಾಹಕರ ದೂರು: ಕೊನೆಯ ಪುಟವನ್ನು ಮೊದಲು ಬರೆಯಿರಿ

ಗ್ರಾಹಕರ ಆಯೋಗಕ್ಕೆ ತಾವೇ ದೂರು ಬರೆಯಲು ಕುಳಿತವರಲ್ಲಿ ಹೆಚ್ಚಿನವರು ಕಥೆ ಹೇಳಲು ತೊಡಗುತ್ತಾರೆ. ಅಂಗಡಿಯವರ ಸಿಹಿಮಾತು, ಕೊಂಡ ದಿನದ ಸಂಭ್ರಮ, ಆಮೇಲಿನ ಅಲೆದಾಟ, ಫೋನಿನಲ್ಲಿ ಆದ ಜಗಳ ಎಲ್ಲವೂ ಬರುತ್ತದೆ. ನಾಲ್ಕು ಪುಟ ತುಂಬಿದ ಮೇಲೆ ಕೊನೆಯ ಸಾಲಿನಲ್ಲಿ ‘ನನಗೆ ಸೂಕ್ತ ನ್ಯಾಯ ಒದಗಿಸಬೇಕು’ ಎಂದು ಬರೆದು ಸಹಿ ಹಾಕುತ್ತಾರೆ. ಸೂಕ್ತ ನ್ಯಾಯ ಎಂದರೆ ಎಷ್ಟು ರೂಪಾಯಿ, ಯಾರಿಂದ, ಯಾವ ಲೆಕ್ಕದಲ್ಲಿ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ.

ಇದನ್ನು ತಿರುಗಿಸಿ ಬರೆಯುವುದು ಒಳ್ಳೆಯದು. ಏನು ಬೇಕು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದನ್ನು ಕೇಳಲು ಯಾವ ಯಾವ ಸಂಗತಿ ನಿಜವಾಗಿರಬೇಕು ಎಂದು ಅದರ ಪಕ್ಕದಲ್ಲಿ ಬರೆಯಿರಿ. ಆ ಸಂಗತಿಯನ್ನು ತೋರಿಸುವ ಕಾಗದ ಯಾವುದು ಎಂದು ಅದರ ಪಕ್ಕದಲ್ಲಿ. ಮೂರು ಕಾಲಂಗಳ ಈ ಹಾಳೆ ತುಂಬಿದರೆ ದೂರಿನ ಮುಕ್ಕಾಲು ಕೆಲಸ ಮುಗಿದಂತೆ. ಕಾಗದವಿಲ್ಲದ ಸಂಗತಿ, ಸಂಗತಿಯಿಲ್ಲದ ಬೇಡಿಕೆ ಎರಡೂ ಅಲ್ಲೇ ಕಣ್ಣಿಗೆ ಬೀಳುತ್ತವೆ.

ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಂಡು ಇದನ್ನು ಮಾಡಿ ನೋಡೋಣ.

ಹಾಸನದ ಗೃಹಿಣಿಯೊಬ್ಬರು 2024ರ ಮಾರ್ಚ್ 12ರಂದು ಮೈಸೂರಿನ ಅಂಗಡಿಯೊಂದರಲ್ಲಿ 34,500 ರೂಪಾಯಿಗೆ ಫ್ರಿಜ್ ಕೊಂಡರು. ಒಂದು ವರ್ಷದ ವಾರಂಟಿ. ಆಗಸ್ಟ್ 5ರಂದು ಫ್ರಿಜ್ ತಣ್ಣಗಾಗುವುದನ್ನು ನಿಲ್ಲಿಸಿತು. ಸರ್ವಿಸ್ ಸೆಂಟರಿನ ತಂತ್ರಜ್ಞ ಬಂದು ಗ್ಯಾಸ್ ತುಂಬಿಸಿದ. ವಾರಂಟಿ ಇದ್ದರೂ 1,400 ರೂಪಾಯಿ ಪಡೆದು ರಸೀದಿ ಕೊಟ್ಟ. ಅಕ್ಟೋಬರ್ 20ರಂದು ಮತ್ತೆ ಅದೇ ತೊಂದರೆ, ಮತ್ತೆ ರಿಪೇರಿ. 2025ರ ಜನವರಿ 11ರಂದು ಮೂರನೆಯ ಬಾರಿ ಕೆಟ್ಟಾಗ ಕಂಪ್ರೆಸರ್ ಬದಲಾಯಿಸಿದರು. ಫೆಬ್ರುವರಿ 2ಕ್ಕೆ ಅದೂ ನಿಂತಿತು. ಒಳಗಿದ್ದ 2,180 ರೂಪಾಯಿಯ ಇನ್ಸುಲಿನ್ ಹಾಳಾಯಿತು. ಬದಲಿ ಫ್ರಿಜ್ ಕೊಡಿ ಎಂದು ಕೇಳಿದ್ದಕ್ಕೆ ತಯಾರಕ ಕಂಪನಿಯಿಂದ ಫೆಬ್ರುವರಿ 10ರಂದು ಇಮೇಲ್ ಬಂತು: ನಿಮ್ಮ ಮನೆಯ ವೋಲ್ಟೇಜ್ ಏರಿಳಿತದಿಂದ ಹೀಗಾಗಿದೆ, ಇದು ವಾರಂಟಿಗೆ ಒಳಪಡುವುದಿಲ್ಲ.

ಬೇಡಿಕೆ: ಪ್ರತಿ ರೂಪಾಯಿಗೂ ಒಂದು ಕಾರಣ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಆಯೋಗ ಏನೇನು ಆದೇಶ ಮಾಡಬಹುದು ಎಂದು ಹೇಳುತ್ತದೆ. ದೋಷ ಸರಿಪಡಿಸಿಕೊಡುವುದು, ದೋಷವಿಲ್ಲದ ಹೊಸ ವಸ್ತು ಕೊಡುವುದು, ಪಡೆದ ಬೆಲೆಯನ್ನು ಬಡ್ಡಿಯೊಂದಿಗೆ ಹಿಂದಿರುಗಿಸುವುದು, ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಪರಿಹಾರ, ದೂರಿನ ಖರ್ಚು ಇವು ಸಾಮಾನ್ಯ ಗ್ರಾಹಕರಿಗೆ ಬೇಕಾಗುವಂಥವು. ಕಂಪನಿ ಬಹಿರಂಗ ಕ್ಷಮೆ ಕೇಳಬೇಕು, ಅಂಗಡಿಯ ಪರವಾನಗಿ ರದ್ದಾಗಬೇಕು ಎಂಬಂಥ ಬೇಡಿಕೆಗಳು ಸಿಟ್ಟನ್ನು ತೋರಿಸುತ್ತವೆಯೇ ಹೊರತು ಮನೆಗೆ ಏನನ್ನೂ ತರುವುದಿಲ್ಲ.

ನಮ್ಮ ಗೃಹಿಣಿಗೆ ಬೇಕಾದದ್ದು ಹಣ ವಾಪಸು. ಮೂರು ಬಾರಿ ರಿಪೇರಿಯಾಗಿ ಕೆಟ್ಟ ವಸ್ತುವಿಗೆ ನಾಲ್ಕನೆಯ ರಿಪೇರಿ ಅವರಿಗೆ ಬೇಡ. ಆದರೆ ‘ರಿಪೇರಿ ಮಾಡಿಕೊಡಲು ಸಿದ್ಧ’ ಎಂದು ಕಂಪನಿ ಆಯೋಗದ ಮುಂದೆ ಹೇಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಬೇಡಿಕೆಯನ್ನು ಅವರು ಹೀಗೆ ಬರೆಯಬೇಕು:

ಅ) ಫ್ರಿಜ್ಜಿನ ಬೆಲೆ 34,500 ರೂಪಾಯಿ ಮತ್ತು ವಾರಂಟಿ ಅವಧಿಯಲ್ಲಿ ಪಡೆದ 1,400 ರೂಪಾಯಿ, ಒಟ್ಟು 35,900 ರೂಪಾಯಿಯನ್ನು 10-02-2025ರಿಂದ ಪಾವತಿಯಾಗುವವರೆಗೆ ವಾರ್ಷಿಕ ಶೇ 9ರ ಬಡ್ಡಿಯೊಂದಿಗೆ ಹಿಂದಿರುಗಿಸಲು ಆದೇಶಿಸಬೇಕು. ಎದುರುದಾರರು ತಮ್ಮ ಖರ್ಚಿನಲ್ಲಿ ಫ್ರಿಜ್ ಅನ್ನು ವಾಪಸು ಒಯ್ಯಬಹುದು.

ಆ) ಅದು ಸಾಧ್ಯವಿಲ್ಲವೆಂದು ಆಯೋಗ ಭಾವಿಸಿದರೆ, ಅದೇ ಸಾಮರ್ಥ್ಯದ ಹೊಸ ಫ್ರಿಜ್ ಅನ್ನು ಹೊಸ ವಾರಂಟಿಯೊಂದಿಗೆ ಕೊಡಲು ಮತ್ತು 1,400 ರೂಪಾಯಿ ಹಿಂದಿರುಗಿಸಲು ಆದೇಶಿಸಬೇಕು.

ಇ) ಹಾಳಾದ ಔಷಧಿಯ ಬೆಲೆ 2,180 ರೂಪಾಯಿ.

ಈ) ಆರು ತಿಂಗಳ ತೊಂದರೆ ಮತ್ತು ಮಾನಸಿಕ ಯಾತನೆಗೆ 15,000 ರೂಪಾಯಿ.

ಉ) ದೂರಿನ ಖರ್ಚು 5,000 ರೂಪಾಯಿ ಮತ್ತು ಆಯೋಗಕ್ಕೆ ಸೂಕ್ತವೆನಿಸುವ ಇತರ ಪರಿಹಾರ.

ಬಡ್ಡಿಯನ್ನು ಕೊಂಡ ದಿನದಿಂದ ಏಕೆ ಕೇಳಿಲ್ಲ? ಮೊದಲ ಐದು ತಿಂಗಳು ಫ್ರಿಜ್ ಕೆಲಸ ಮಾಡಿದೆ. ಕಂಪನಿ ಕೈಚೆಲ್ಲಿದ ದಿನದಿಂದ ಬಡ್ಡಿ ಕೇಳಿದರೆ ಅದಕ್ಕೆ ಸಮರ್ಥನೆ ಇದೆ, ಆ ದಿನಾಂಕಕ್ಕೆ ಕಾಗದವೂ ಇದೆ. ಮಾನಸಿಕ ಯಾತನೆಗೆ ಐದು ಲಕ್ಷ ಕೇಳಬಾರದೆಂದು ಕಾನೂನೇನೂ ಹೇಳಿಲ್ಲ. ಆದರೆ 34,500 ರೂಪಾಯಿಯ ವಸ್ತುವಿಗೆ ಐದು ಲಕ್ಷ ಕೇಳಿದ ಅರ್ಜಿಯಲ್ಲಿ ಉಳಿದ ಅಂಕಿಗಳನ್ನೂ ಓದುವವರು ಅನುಮಾನದಿಂದಲೇ ನೋಡುತ್ತಾರೆ. ‘ಅದು ಸಾಧ್ಯವಿಲ್ಲದಿದ್ದರೆ ಇದು’ ಎಂಬ ಎರಡನೆಯ ಆಯ್ಕೆಯನ್ನು ಬಿಡಬೇಡಿ. ಕೇಳದೆ ಇದ್ದದ್ದನ್ನು ಆಯೋಗ ತಾನಾಗಿ ಕೊಡುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಸಂಗತಿ: ತಾರೀಖು, ಯಾರು, ಏನು, ಯಾವ ಕಾಗದ

ಈಗ ಕಥೆಗೆ ಬರಬಹುದು. ಒಂದು ಪ್ಯಾರಾದಲ್ಲಿ ಒಂದೇ ಘಟನೆ ಇರಲಿ, ಪ್ಯಾರಾಗಳಿಗೆ ಸಂಖ್ಯೆ ಇರಲಿ. ಎದುರುದಾರರು ತಮ್ಮ ಉತ್ತರದಲ್ಲಿ ಪ್ರತಿ ಪ್ಯಾರಾಕ್ಕೆ ಹೌದು ಅಥವಾ ಅಲ್ಲ ಎನ್ನಬೇಕಾಗುತ್ತದೆ. ಒಂದೇ ಪ್ಯಾರಾದಲ್ಲಿ ಐದು ಘಟನೆ ತುಂಬಿಸಿದರೆ ‘ಈ ಪ್ಯಾರಾದ ಅಂಶಗಳನ್ನು ನಿರಾಕರಿಸಲಾಗಿದೆ’ ಎಂದು ಒಂದೇ ಸಾಲಿನಲ್ಲಿ ಜಾರಿಕೊಳ್ಳಲು ದಾರಿಯಾಗುತ್ತದೆ.

ಮೊದಲ ಪ್ಯಾರಾ ನೀವು ಕಾನೂನಿನ ಕಣ್ಣಿನಲ್ಲಿ ಗ್ರಾಹಕರು ಎಂಬುದನ್ನು ತೋರಿಸಬೇಕು: ಹಣ ಕೊಟ್ಟು ಕೊಂಡಿದ್ದೀರಿ, ಮನೆ ಬಳಕೆಗೆ ಕೊಂಡಿದ್ದೀರಿ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಅದೇ ಫ್ರಿಜ್ ಅನ್ನು ಒಬ್ಬರು ತಾವೇ ನಡೆಸುವ ಪುಟ್ಟ ಜ್ಯೂಸ್ ಅಂಗಡಿಗೆ ಕೊಂಡಿದ್ದರೆ, ‘ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲು ಮಾತ್ರ ಕೊಂಡದ್ದು’ ಎಂದು ಬರೆಯಬೇಕು. ಕಾಯ್ದೆ ಅಂಥವರಿಗೆ ವಿನಾಯಿತಿ ಕೊಟ್ಟಿದೆ. ಆದರೆ ದೂರಿನಲ್ಲಿ ಆ ಮಾತು ಇಲ್ಲದಿದ್ದರೆ ಎದುರುಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಮುಂದಿನ ಪ್ಯಾರಾಗಳು ಹೀಗೆ ಬರಬಹುದು. ಇಲ್ಲಿ 1ನೇ ಎದುರುದಾರ ಎಂದರೆ ಅಂಗಡಿ, 2ನೆಯವರು ತಯಾರಕ ಕಂಪನಿ, 3ನೆಯವರು ಸರ್ವಿಸ್ ಸೆಂಟರ್:

3. ದಿನಾಂಕ 05-08-2024ರಂದು ಫ್ರಿಜ್ ತಣ್ಣಗಾಗುವುದನ್ನು ನಿಲ್ಲಿಸಿತು. ಅದೇ ದಿನ 2ನೇ ಎದುರುದಾರರ ಸಹಾಯವಾಣಿಗೆ ದೂರು ನೀಡಿದೆನು. ದೂರು ಸಂಖ್ಯೆ ತಿಳಿಸುವ ಎಸ್‌ಎಂಎಸ್ ದಾಖಲೆ 3.

4. ದಿನಾಂಕ 07-08-2024ರಂದು 3ನೇ ಎದುರುದಾರರ ತಂತ್ರಜ್ಞರು ಬಂದು ಗ್ಯಾಸ್ ತುಂಬಿಸಿ 1,400 ರೂಪಾಯಿ ಪಡೆದರು. ಜಾಬ್ ಶೀಟ್ ದಾಖಲೆ 4, ರಸೀದಿ ದಾಖಲೆ 5.

ಇಲ್ಲಿ ಗೋಳಿಲ್ಲ, ವಿಶೇಷಣವಿಲ್ಲ. ‘ಉಡಾಫೆಯಿಂದ ವರ್ತಿಸಿದರು’ ಎನ್ನುವ ಬದಲು ‘22-10, 24-10 ಮತ್ತು 29-10ರಂದು ಮಾಡಿದ ಕರೆಗಳಿಗೆ ನಾಳೆ ಬರುತ್ತೇವೆ ಎಂದರು, ಬರಲಿಲ್ಲ’ ಎಂದರೆ ಉಡಾಫೆ ತಾನಾಗಿ ಕಾಣುತ್ತದೆ.

ಮೋಸ, ವಂಚನೆ, ಕುತಂತ್ರ ಎಂಬ ಪದಗಳನ್ನು ಬಳಸುವ ಮುನ್ನ ಎರಡು ಬಾರಿ ಯೋಚಿಸಿ. ಆಯೋಗದಲ್ಲಿ ವಿಚಾರಣೆ ಬಹುಮಟ್ಟಿಗೆ ಅಫಿಡವಿಟ್ ಮತ್ತು ದಾಖಲೆಗಳ ಮೇಲೆ ನಡೆಯುವ ಸಂಕ್ಷಿಪ್ತ ವಿಚಾರಣೆ. ಗಂಭೀರ ವಂಚನೆಯ ಆರೋಪವಿದ್ದು ಸಾಕ್ಷಿಗಳ ದೀರ್ಘ ಪಾಟೀಸವಾಲು ಬೇಕೆನಿಸಿದರೆ ‘ಸಿವಿಲ್ ನ್ಯಾಯಾಲಯಕ್ಕೆ ಹೋಗಿ’ ಎಂದು ಕಳುಹಿಸಿದ ಉದಾಹರಣೆಗಳಿವೆ. ಕೆಟ್ಟ ಫ್ರಿಜ್ಜಿಗೆ ‘ವಸ್ತುವಿನಲ್ಲಿ ದೋಷ’, ಸರಿಯಾಗಿ ರಿಪೇರಿ ಮಾಡದ್ದಕ್ಕೆ ‘ಸೇವಾ ನ್ಯೂನತೆ’, ವಾರಂಟಿಯಲ್ಲೂ ಹಣ ಪಡೆದದ್ದಕ್ಕೆ ‘ಅನುಚಿತ ವ್ಯಾಪಾರ ಪದ್ಧತಿ’ ಎಂದರೆ ಸಾಕು.

ಈ ಪ್ರಕರಣದ ಜೀವ ಇರುವುದು ವೋಲ್ಟೇಜಿನ ಮಾತಿನಲ್ಲಿ. ಕಂಪನಿ ಉತ್ತರದಲ್ಲಿ ಎತ್ತಲಿರುವ ವಾದ ಅದೊಂದೇ. ಅದನ್ನು ದೂರಿನಲ್ಲಿ ಮುಚ್ಚಿಡಬಾರದು, ತಾವಾಗಿಯೇ ತಂದು ಉತ್ತರಿಸಬೇಕು. ಗೃಹಿಣಿ ತಮ್ಮ ಮೂರು ಜಾಬ್ ಶೀಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಹೊಳೆಯುತ್ತದೆ: ಮೂರರಲ್ಲಿಯೂ ತೊಂದರೆ ‘ಕೂಲಿಂಗ್ ಇಲ್ಲ’ ಎಂದಿದೆ, ಒಂದರಲ್ಲಿಯೂ ವೋಲ್ಟೇಜಿನ ಸುದ್ದಿಯಿಲ್ಲ. ಫ್ರಿಜ್ಜಿನೊಂದಿಗೇ ಸ್ಟೆಬಿಲೈಸರ್ ಕೊಂಡದ್ದು ಅದೇ ಬಿಲ್ಲಿನಲ್ಲಿದೆ. ಹಾಗಾಗಿ ಅವರ 9ನೇ ಪ್ಯಾರಾ ಹೀಗಿರಬೇಕು: ‘3ನೇ ಎದುರುದಾರರ ತಂತ್ರಜ್ಞರು ಮೂರು ಬಾರಿ ಪರಿಶೀಲಿಸಿದಾಗಲೂ ವೋಲ್ಟೇಜ್ ಏರಿಳಿತವನ್ನು ಕಾರಣವೆಂದು ದಾಖಲಿಸಿಲ್ಲ (ದಾಖಲೆ 4, 6, 8). ಫ್ರಿಜ್ ಅನ್ನು ಮೊದಲ ದಿನದಿಂದ ಸ್ಟೆಬಿಲೈಸರ್ ಮೂಲಕವೇ ಬಳಸಲಾಗಿದೆ (ದಾಖಲೆ 1). ಬದಲಿ ವಸ್ತು ಕೇಳಿದ ನಂತರವೇ ಈ ಕಾರಣವನ್ನು ಮೊದಲ ಬಾರಿಗೆ ಹೇಳಲಾಗಿದೆ (ದಾಖಲೆ 10).’ ನನ್ನ ಎಣಿಕೆಯಲ್ಲಿ ಇಡೀ ದೂರಿನ ಅತ್ಯಂತ ಬಲವಾದ ಪ್ಯಾರಾ ಇದು. ಇದರಲ್ಲಿ ಸಿಟ್ಟಿನ ಒಂದು ಪದವೂ ಇಲ್ಲ.

ಕಾಗದ: ಸಹಿ ಹಾಕುವ ಮುನ್ನ ಓದಿ

ಬಿಲ್, ವಾರಂಟಿ ಕಾರ್ಡ್, ಜಾಬ್ ಶೀಟುಗಳು, ರಸೀದಿ, ಇಮೇಲ್, ನೀವು ಕಳುಹಿಸಿದ ನೋಟಿಸ್ ಮತ್ತು ಅದರ ಅಂಚೆ ರಸೀದಿ, ಔಷಧಿ ಬಿಲ್ ಇಷ್ಟು ಈ ದೂರಿನ ಆಧಾರ. ಹೆಸರು, ವಿಳಾಸಕ್ಕೆ ಗುರುತಿನ ಚೀಟಿಯ ಪ್ರತಿಯೂ ಬೇಕು. ದಿನಾಂಕದ ಕ್ರಮದಲ್ಲಿ ಜೋಡಿಸಿ, ಸಂಖ್ಯೆ ಹಾಕಿ, ಮುಂದೆ ಒಂದು ಪಟ್ಟಿ ಇಡಿ. ಮೂಲ ಪ್ರತಿಗಳನ್ನು ಕೈಬಿಡಬೇಡಿ. ಸಲ್ಲಿಸುವುದು ನಕಲು, ಕೇಳಿದಾಗ ತೋರಿಸುವುದು ಮೂಲ.

ಇವುಗಳಲ್ಲಿ ಜನ ಎಡವುವುದು ಹೆಚ್ಚಾಗಿ ಜಾಬ್ ಶೀಟಿನಲ್ಲಿ. ತಂತ್ರಜ್ಞ ಹೊರಡುವ ಅವಸರದಲ್ಲಿ ಚಾಚಿದ ಹಾಳೆಯ ಕೆಳಗೆ ‘ಕೆಲಸ ತೃಪ್ತಿಕರವಾಗಿದೆ’ ಎಂಬ ಅಚ್ಚಾದ ಸಾಲು ಇರುತ್ತದೆ. ಸಹಿ ಹಾಕಿದರೆ ಆರು ತಿಂಗಳ ನಂತರ ಅದೇ ಹಾಳೆ ಎದುರುಪಕ್ಷದ ದಾಖಲೆಯಾಗಿ ಬರುತ್ತದೆ. ಸಹಿಯ ಮೇಲೆ ‘ಈಗ ಚಾಲೂ ಆಗಿದೆ, ಒಂದು ವಾರ ನೋಡಬೇಕು’ ಎಂದೋ, ‘ಇದೇ ತೊಂದರೆ ಎರಡನೆಯ ಬಾರಿ’ ಎಂದೋ ನಿಮ್ಮ ಕೈಬರಹದಲ್ಲಿ ಸೇರಿಸಿ. ಪ್ರತಿ ಕೊಡದಿದ್ದರೆ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ ಅದನ್ನು ಬಚ್ಚಿಡಬೇಡಿ. ‘ತೃಪ್ತಿಕರ’ ಎಂದ ಮೇಲೂ ಇಂತಿಷ್ಟು ದಿನಕ್ಕೆ ಅದೇ ತೊಂದರೆ ಮರುಕಳಿಸಿತು ಎಂದು ಮುಂದಿನ ದೂರು ಸಂಖ್ಯೆಯನ್ನು ಪಕ್ಕದಲ್ಲಿಟ್ಟು ತೋರಿಸಿ.

ಬಿಲ್ ಕಳೆದುಹೋಗಿದ್ದರೆ? ಕೆಲಸ ಕಷ್ಟವಾಗುತ್ತದೆ, ಮುಗಿದುಹೋಗುವುದಿಲ್ಲ. ಹಣ ಕಾರ್ಡ್ ಅಥವಾ ಯುಪಿಐ ಮೂಲಕ ಹೋಗಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಇರುತ್ತದೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮೊಹರು, ದಿನಾಂಕ, ವಸ್ತುವಿನ ಸೀರಿಯಲ್ ಸಂಖ್ಯೆ ಇದ್ದರೆ ಅದೂ ನೆರವಿಗೆ ಬರುತ್ತದೆ. ಅಂಗಡಿಗೆ ಬರೆದು ಬಿಲ್ಲಿನ ಪ್ರತಿ ಕೇಳಿ. ಕೊಡದಿದ್ದರೆ ಕೇಳಿದ ಪತ್ರವೂ ಒಂದು ದಾಖಲೆ.

ವಾಟ್ಸ್‌ಆ್ಯಪ್ ಸಂದೇಶದ ಸ್ಕ್ರೀನ್‌ಶಾಟ್ ಮುದ್ರಿಸುವಾಗ ಫೋನ್ ಸಂಖ್ಯೆ ಮತ್ತು ದಿನಾಂಕ ಕಾಣಬೇಕು. ‘ಸರ್ವಿಸ್ ಸೆಂಟರ್’ ಎಂದು ನೀವು ಉಳಿಸಿಕೊಂಡ ಹೆಸರು ಏನನ್ನೂ ಸಾಬೀತು ಮಾಡುವುದಿಲ್ಲ. ಇಂಥ ಎಲೆಕ್ಟ್ರಾನಿಕ್ ದಾಖಲೆಗಳ ಜತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಲಗತ್ತಿಸಿದರೆ ಆಕ್ಷೇಪಕ್ಕೆ ಎಡೆ ಕಡಿಮೆ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ 2024ರ ಜುಲೈ 1ರಿಂದ ಬಂದದ್ದು ಇದು. ಪ್ರಕರಣ ಮುಗಿಯುವವರೆಗೆ ಆ ಸಂದೇಶಗಳನ್ನು ಅಳಿಸಬೇಡಿ, ಫೋನನ್ನೂ ಮಾರಬೇಡಿ.

ವಸ್ತುವಿನಲ್ಲಿ ತಯಾರಿಕೆಯ ದೋಷವಿದೆ ಎಂದು ನೀವು ಹೇಳಿದರೆ ಅದನ್ನು ತೋರಿಸುವ ಹೊಣೆಯೂ ನಿಮ್ಮದೇ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎಂದಾದರೆ ಆಯೋಗ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದರ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾಗುತ್ತದೆ. ಫ್ರಿಜ್ಜಿನಂಥ ಪ್ರಕರಣದಲ್ಲಿ ಒಂದೇ ತೊಂದರೆ ಮೂರು ಬಾರಿ ದಾಖಲಾದ ಜಾಬ್ ಶೀಟುಗಳೇ ಸಾಕಷ್ಟು ಮಾತಾಡುತ್ತವೆ. ಜತೆಗೆ ಹೊರಗಿನ ಅನುಭವಿ ತಂತ್ರಜ್ಞರೊಬ್ಬರಿಂದ ಲಿಖಿತ ಅಭಿಪ್ರಾಯ ಸಿಕ್ಕರೆ ಒಳ್ಳೆಯದು. ಆದರೆ ಅವರಿಂದ ಯಂತ್ರವನ್ನು ಬಿಚ್ಚಿಸಬೇಡಿ. ‘ಅನಧಿಕೃತರು ಕೈಯಾಡಿಸಿದ್ದಾರೆ’ ಎಂಬ ಹೊಸ ನೆಪ ಹುಟ್ಟಿಕೊಳ್ಳುತ್ತದೆ.

ಯಾರ ಮೇಲೆ, ಎಲ್ಲಿ, ಯಾವಾಗ

ಅಂಗಡಿ 1ನೇ ಎದುರುದಾರ, ತಯಾರಕ ಕಂಪನಿ 2, ಸರ್ವಿಸ್ ಸೆಂಟರ್ 3. ಮೂವರನ್ನೂ ಸೇರಿಸಿ. ಅಂಗಡಿಯೊಂದನ್ನೇ ಹಿಡಿದರೆ ‘ನಾವು ಮಾರಿದವರಷ್ಟೇ, ದೋಷ ತಯಾರಕರದು’ ಎನ್ನುತ್ತಾರೆ. ಕಂಪನಿಯನ್ನಷ್ಟೇ ಹಿಡಿದರೆ ರಿಪೇರಿಯ ತಪ್ಪನ್ನು ಸರ್ವಿಸ್ ಸೆಂಟರಿನ ತಲೆಗೆ ಕಟ್ಟುತ್ತಾರೆ. ಬೋರ್ಡಿನ ಮೇಲಿನ ಹೆಸರೇ ಕಾನೂನಿನ ಹೆಸರು ಆಗಿರಬೇಕಿಲ್ಲ. ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು gst.gov.in ತಾಣದಲ್ಲಿ ಹಾಕಿ ಹುಡುಕಿದರೆ ನೋಂದಾಯಿತ ಹೆಸರು ಸಿಗುತ್ತದೆ. ವಿಳಾಸ ತಪ್ಪಾಗಿ ಆಯೋಗದ ನೋಟಿಸ್ ಹಿಂದಿರುಗಿದರೆ ತಿಂಗಳುಗಳು ಸುಮ್ಮನೆ ಕಳೆಯುತ್ತವೆ.

ಕೊಂಡದ್ದು ಮೈಸೂರಿನಲ್ಲಾದರೂ ದೂರನ್ನು ಹಾಸನದಲ್ಲೇ ಸಲ್ಲಿಸಬಹುದು. 2020ರ ಜುಲೈನಲ್ಲಿ ಜಾರಿಗೆ ಬಂದ ಈಗಿನ ಕಾಯ್ದೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೂ ಅಧಿಕಾರ ಕೊಟ್ಟಿದೆ. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ರಾಜ್ಯ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವೇ ಇಲ್ಲ. ‘ನಾನು ಹಾಸನದ ಇಂಥ ವಿಳಾಸದಲ್ಲಿ ವಾಸವಾಗಿದ್ದೇನೆ, ಕೊಟ್ಟ ಬೆಲೆ 34,500 ರೂಪಾಯಿ, ಆದ್ದರಿಂದ ಈ ಆಯೋಗಕ್ಕೆ ಅಧಿಕಾರವಿದೆ’ ಎಂದು ದೂರಿನಲ್ಲೇ ಒಂದು ಪ್ಯಾರಾ ಬರೆಯಬೇಕು.

ಕಾಲಮಿತಿ ಎರಡು ವರ್ಷ, ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ. ನಮ್ಮ ಪ್ರಕರಣದಲ್ಲಿ ಅದು ಕಂಪನಿ ನಿರಾಕರಿಸಿದ 2025ರ ಫೆಬ್ರುವರಿ 10 ಎಂದು ವಾದಿಸಬಹುದು. ಆದರೆ ಫ್ರಿಜ್ ಮೊದಲು ಕೆಟ್ಟ 2024ರ ಆಗಸ್ಟ್ 5ರಿಂದ ಎದುರುಪಕ್ಷ ಎಣಿಸಿದರೂ ಅಂಜಿಕೆಯಿಲ್ಲದಂತೆ, 2026ರ ಆಗಸ್ಟ್ ಆರಂಭಕ್ಕೆ ಮುಂಚೆಯೇ ಸಲ್ಲಿಸುವುದು ಜಾಣತನ. ನೋಟಿಸ್ ಮೇಲೆ ನೋಟಿಸ್ ಕಳುಹಿಸುತ್ತಿದ್ದರೆ ಗಡುವು ಮುಂದಕ್ಕೆ ಹೋಗುತ್ತದೆ ಎಂದು ನಂಬಿ ಕುಳಿತವರಿದ್ದಾರೆ. ಹೋಗುವುದಿಲ್ಲ. ಗಡುವು ದಾಟಿದ್ದರೆ ತಡವಾದದ್ದಕ್ಕೆ ಕಾರಣ ಹೇಳಿ, ವಿಳಂಬ ಮನ್ನಿಸುವಂತೆ ಪ್ರತ್ಯೇಕ ಅರ್ಜಿಯನ್ನು ದೂರಿನೊಂದಿಗೇ ಹಾಕಬೇಕು.

ದೂರಿಗೆ ಮುಂಚೆ ವಕೀಲರ ನೋಟಿಸ್ ಕಡ್ಡಾಯವಲ್ಲ. ಆದರೂ ನೀವೇ ಬರೆದ ಒಂದು ಪುಟದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಹದಿನೈದು ದಿನ ಕಾಯುವುದರಲ್ಲಿ ನಷ್ಟವಿಲ್ಲ. ಅದಕ್ಕೆ ಬಂದ ಉತ್ತರದಲ್ಲಿ ಎದುರುಪಕ್ಷದ ವಾದ ಏನೆಂಬುದು ಬಿಟ್ಟಿಯಾಗಿ ತಿಳಿಯುತ್ತದೆ. ಬರದಿದ್ದರೆ ಆ ಮೌನವನ್ನೂ ಒಂದು ಪ್ಯಾರಾ ಮಾಡಿ ಬರೆಯಬಹುದು.

ಎಲ್ಲ ಸಿದ್ಧವಾದ ಮೇಲೆ ದೂರಿನ ಕೊನೆಯಲ್ಲಿ ‘ಮೇಲಿನ ಸಂಗತಿಗಳು ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ’ ಎಂಬ ದೃಢೀಕರಣ ಬರೆದು ಸಹಿ ಹಾಕಿ, ನೋಟರಿಯ ಮುಂದೆ ಮಾಡಿದ ಅಫಿಡವಿಟ್ ಅನ್ನು ಲಗತ್ತಿಸಿ. ಆಯೋಗಕ್ಕೆ ಎಷ್ಟು ಪ್ರತಿ ಬೇಕೆಂದು ಅಲ್ಲಿನ ಕಚೇರಿಯಲ್ಲಿ ಕೇಳಿ, ಪ್ರತಿ ಎದುರುದಾರರಿಗೆ ಒಂದೊಂದು ಹೆಚ್ಚಿಗೆ ಮಾಡಿಸಿ. ಮನೆಯಿಂದಲೇ ಸಲ್ಲಿಸಬೇಕೆಂದರೆ e-jagriti.gov.in ತಾಣವಿದೆ. ವಕೀಲರಿಲ್ಲದೆ ನೀವೇ ವಾದಿಸಬಹುದು.

ದೂರು ವಿಚಾರಣೆಗೆ ಅರ್ಹವೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನಗಳಲ್ಲಿ ನಿರ್ಧರಿಸಬೇಕು. ನೋಟಿಸ್ ಮತ್ತು ದೂರಿನ ಪ್ರತಿ ತಲುಪಿದ ಮೇಲೆ ಎದುರುದಾರರಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಆ 45 ದಿನಗಳ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಆದ್ದರಿಂದ ನೋಟಿಸ್ ತಲುಪಿದ ದಿನಾಂಕವನ್ನು ಕಚೇರಿಯಿಂದ ತಿಳಿದು ಬರೆದಿಟ್ಟುಕೊಳ್ಳಿ. ಉತ್ತರ ತಡವಾಗಿ ಬಂದರೆ ಮುಂದಿನ ವಿಚಾರಣೆಯ ದಿನ ಎದ್ದು ನಿಂತು ಆ ತಾರೀಖನ್ನು ಆಯೋಗದ ಗಮನಕ್ಕೆ ತರಬೇಕಾದವರು ನೀವೇ.